ಬಡ್ಡಿ, ಅಸಲು, ಪ್ರೀಪೇಮೆಂಟ್: ನಿಮ್ಮ ಸಾಲದ ಷೆಡ್ಯೂಲ್ ಓದುವುದು ಹೀಗೆ

ಪ್ರಶ್ನೆ:

```
ಸಾಲ 10,00,000   ಬಡ್ಡಿ ವರ್ಷಕ್ಕೆ 9%   ಕಂತು 240
ಕಂತು   ಇಎಂಐ    ಬಡ್ಡಿ    ಅಸಲು    ಬಾಕಿ
1     8,997   7,500   1,497   9,98,503
2     8,997   7,489   1,508   9,96,995
3     8,997   7,477   1,520   9,95,475
...
240   8,997      67   8,930          0
```

ವಿವರಿಸಿ.

ಉತ್ತರ:

ಇಡೀ ಪಟ್ಟಿಯಲ್ಲಿ ನಿಜವಾಗಿ ನಡೆಯುವುದು ಒಂದೇ ಒಂದು ಗುಣಾಕಾರ. ಅದೊಂದು ಹಿಡಿತಕ್ಕೆ ಸಿಕ್ಕರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ವರ್ಷಕ್ಕೆ 9% ಅಂದರೆ ತಿಂಗಳಿಗೆ 0.75%. ಪ್ರತಿ ತಿಂಗಳು, ಆ ಹೊತ್ತಿಗೆ ಎಷ್ಟು ಸಾಲ ಬಾಕಿ ಇದೆಯೋ ಅದಕ್ಕೆ 0.75% ಹಾಕಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ. ಮೊದಲ ತಿಂಗಳು ಬಾಕಿ ಪೂರ್ತಿ 10 ಲಕ್ಷ, ಹಾಗಾಗಿ ಬಡ್ಡಿ 7,500. ನೀವು ಕಟ್ಟಿದ್ದು 8,997. ಅದರಲ್ಲಿ ಬಡ್ಡಿ ಮೊದಲು ತನ್ನ ಪಾಲು ತೆಗೆದುಕೊಂಡುಬಿಡುತ್ತದೆ, ಉಳಿದ 1,497 ಮಾತ್ರ ಅಸಲಿಗೆ ಹೋಗುತ್ತದೆ. ಬಾಕಿ 9,98,503ಕ್ಕೆ ಇಳಿಯಿತು. ಎರಡನೇ ತಿಂಗಳ ಬಡ್ಡಿ ಈ ಹೊಸ ಬಾಕಿಯ ಮೇಲೆ, ಅದಕ್ಕೇ 7,489. ಹನ್ನೊಂದು ಕಡಿಮೆ ಆಯಿತು, ಆ ಹನ್ನೊಂದು ಅಸಲಿನ ಕಡೆಗೆ ಸೇರಿ 1,497 ಇದ್ದದ್ದು 1,508 ಆಯಿತು. ಇಎಂಐ ಮಾತ್ರ ಬದಲಾಗಲ್ಲ, ಅದರೊಳಗಿನ ಎರಡು ಪಾಲು ಬದಲಾಗುತ್ತಾ ಹೋಗುತ್ತವೆ. 240ನೇ ಸಾಲಿಗೆ ಬರುವಷ್ಟರಲ್ಲಿ ಬಡ್ಡಿ ಬರೀ 67.

ಒಂದು ಕ್ಯಾಲ್ಕುಲೇಟರ್ ಹಿಡಿದು ಯಾವುದಾದರೂ ಸಾಲನ್ನು ನೀವೇ ಪರೀಕ್ಷಿಸಿ. ಅದರ ಹಿಂದಿನ ಸಾಲಿನ ಬಾಕಿಯನ್ನು 0.0075ರಿಂದ ಗುಣಿಸಿ. ಬಡ್ಡಿ ಕಾಲಂನಲ್ಲಿ ಅದೇ ಸಂಖ್ಯೆ ಬರಬೇಕು, ಒಂದೆರಡು ಆಚೀಚೆ ಆದರೆ ಪರವಾಗಿಲ್ಲ.

"ಮೊದಲ ವರ್ಷಗಳಲ್ಲಿ ಬರೀ ಬಡ್ಡಿಯನ್ನೇ ಹಿಡಿದುಕೊಳ್ಳುತ್ತಾರೆ, ಇದು ಮೋಸ" ಅಂತ ತುಂಬಾ ಜನ ಹೇಳುವುದನ್ನು ಕೇಳಿರುತ್ತೀರಿ. ಮೋಸ ಏನೂ ಇಲ್ಲ. ಬಡ್ಡಿಯನ್ನು ಯಾರೂ ಮುಂದಕ್ಕೆ ತಂದು ತುರುಕಿಲ್ಲ, ಆಗ ಬಾಕಿ ಜಾಸ್ತಿ ಇದೆ ಅಷ್ಟೇ. ಆದರೆ ಅದರ ಪರಿಣಾಮ ಮಾತ್ರ ದೊಡ್ಡದು, ಅದನ್ನು ಸಾಲ ತೆಗೆದುಕೊಳ್ಳುವಾಗಲೇ ಯಾರಾದರೂ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಲೆಕ್ಕವನ್ನೇ ನೋಡಿ. ಮೊದಲ ವರ್ಷ ನೀವು ಕಟ್ಟುವುದು ಹತ್ತಿರ ಹತ್ತಿರ 1,08,000. ಅದರಲ್ಲಿ ಸಾಲ ಇಳಿಯುವುದು ಸುಮಾರು 18,700 ಮಾತ್ರ. ಹತ್ತು ವರ್ಷ, ಅಂದರೆ ಸರಿಯಾಗಿ ಅರ್ಧ ಅವಧಿ ಮುಗಿದಾಗ ಇನ್ನೂ 7.10 ಲಕ್ಷ ಬಾಕಿ ಇರುತ್ತದೆ. ಇಎಂಐನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ಮೊದಲ ಸಲ ದಾಟುವುದು 149ನೇ ಕಂತಿನಲ್ಲಿ, ಹನ್ನೆರಡು ವರ್ಷ ಕಳೆದ ಮೇಲೆ. ಇಪ್ಪತ್ತು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 11.59 ಲಕ್ಷ, ತೆಗೆದುಕೊಂಡ ಸಾಲಕ್ಕಿಂತಲೂ ಜಾಸ್ತಿ.

ಈಗ ಪ್ರೀಪೇಮೆಂಟ್, ಅಂದರೆ ಕಂತಿನ ಹೊರತಾಗಿ ಸಾಲಕ್ಕೆ ಮೊದಲೇ ಕಟ್ಟುವ ಹಣ. ನೀವು ಕೇಳಿಲ್ಲ, ಆದರೂ ಈ ಪಟ್ಟಿ ಓದಲು ಕಲಿಯುವುದರಿಂದ ಸಿಗುವ ದೊಡ್ಡ ಲಾಭ ಇದೇ.

ಹನ್ನೆರಡು ಕಂತು ಕಟ್ಟಿದ್ದೀರಿ, ಬಾಕಿ 9,81,273 ಇದೆ ಅಂದುಕೊಳ್ಳಿ. ಕೈಯಲ್ಲಿ ಒಂದು ಲಕ್ಷ ಇದೆ, ಅದನ್ನು ಸಾಲಕ್ಕೆ ಕಟ್ಟುತ್ತೀರಿ. ಈ ಹಣದಲ್ಲಿ ಬಡ್ಡಿಗೆ ಪಾಲಿಲ್ಲ, ಏಕೆಂದರೆ ಆ ತಿಂಗಳ ಬಡ್ಡಿ ಕಂತಿನಲ್ಲೇ ತೀರಿಹೋಗಿದೆ. ಪೂರ್ತಿ ಒಂದು ಲಕ್ಷವೂ ಅಸಲಿನಿಂದ ಇಳಿಯುತ್ತದೆ, ಬಾಕಿ 8,81,273. 13ನೇ ಕಂತಿನಲ್ಲಿ ಏನಾಗುತ್ತದೆ ನೋಡಿ:

```
              ಬಡ್ಡಿ    ಅಸಲು
ಕಟ್ಟದಿದ್ದರೆ    7,360   1,637
ಕಟ್ಟಿದರೆ       6,610   2,387
```

ಬಡ್ಡಿ 750 ಇಳಿಯಿತು. ಆ 750 ನಿಮ್ಮ ಜೇಬಿಗೆ ಬರಲಿಲ್ಲ, ಅದೇ ಇಎಂಐ ಕಟ್ಟುತ್ತಿರುವುದರಿಂದ ಅಸಲಿಗೆ ಹೋಯಿತು. ಅಂದರೆ ಹಳೇ ಪಟ್ಟಿಗೂ ಹೊಸ ಪಟ್ಟಿಗೂ ಬಾಕಿಯಲ್ಲಿ ಇದ್ದ ಅಂತರ ಒಂದು ಲಕ್ಷದಿಂದ 1,00,750 ಆಯಿತು. ಮುಂದಿನ ತಿಂಗಳ ಉಳಿತಾಯ ಈ 1,00,750ರ ಮೇಲೆ, ಹಾಗಾಗಿ 756. ಅದೂ ಅಸಲಿಗೇ. ನಿಮ್ಮ ವಿರುದ್ಧ ಓಡುತ್ತಿದ್ದ ಚಕ್ರಬಡ್ಡಿ ಅಷ್ಟು ಹಣದ ಮಟ್ಟಿಗೆ ನಿಮ್ಮ ಪರವಾಗಿ ಓಡಲು ಶುರುವಾಗುತ್ತದೆ. ಉಳಿದಿದ್ದ 228 ಕಂತು 178ಕ್ಕೆ ಬಂದು ನಿಲ್ಲುತ್ತದೆ, ಕೊನೆಯದು ಅರ್ಧ ಕಂತಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾಲ್ಕು ವರ್ಷಕ್ಕಿಂತ ಹೆಚ್ಚು ಮೊದಲೇ ಸಾಲ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 3.54 ಲಕ್ಷ ಉಳಿಯುತ್ತದೆ.

ಆದರೆ ಇದು ಇಎಂಐ ಹಾಗೇ ಇಟ್ಟುಕೊಂಡು ಅವಧಿ ಕಡಿಮೆ ಮಾಡಿಸಿದರೆ ಮಾತ್ರ. ಸಾಲ ಕೊಟ್ಟವರು ಇನ್ನೊಂದು ದಾರಿಯನ್ನೂ ಹಿಡಿಯಬಹುದು: ಅವಧಿ 228 ಕಂತೇ ಇರಲಿ, ಇಎಂಐ ಇಳಿಸೋಣ ಅಂತ. ಆಗ ಇಎಂಐ ಸುಮಾರು 8,080 ಆಗುತ್ತದೆ, ಉಳಿಯುವ ಬಡ್ಡಿ 1.09 ಲಕ್ಷ. ಅದೇ ಒಂದು ಲಕ್ಷ, ಅದೇ ದಿನ ಕಟ್ಟಿದ್ದು. ಮೂರರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ ಎಲ್ಲಿಂದ ಬಂತು? ಈ ಎರಡನೇ ದಾರಿಯಲ್ಲಿ ತಿಂಗಳಿಗೆ 917ರಷ್ಟು ನಿಮ್ಮ ಕೈಗೇ ವಾಪಸ್ ಬರುತ್ತಿರುತ್ತದೆ, ಅದು ಸಾಲ ಇಳಿಸುವ ಕೆಲಸ ಮಾಡುವುದಿಲ್ಲ. ಹಾಗಂತ ಅದು ಕೆಟ್ಟ ಆಯ್ಕೆ ಅಂತಲ್ಲ. ತಿಂಗಳ ಖರ್ಚು ಬಿಗಿಯಾಗಿದ್ದರೆ, ಆದಾಯ ಏರುಪೇರಾಗುತ್ತಿದ್ದರೆ ಕಂತು ಇಳಿಸಿಕೊಳ್ಳುವುದೇ ಸರಿ. ಪ್ರತಿ ತಿಂಗಳೂ ಆ 917 ಸೇರಿಸಿ ಹಳೇ ಮೊತ್ತವನ್ನೇ ಕಟ್ಟಿದರೆ, ಅದನ್ನು ಅವರು ಅಸಲಿಗೆ ಹಾಕುವುದಾದರೆ, ಫಲ ಮೊದಲಿನ ದಾರಿಯದ್ದೇ. ನಾನಾದರೆ, ಸಂಬಳ ಸ್ಥಿರವಾಗಿ ಬರುತ್ತಿದ್ದರೆ, ಅವಧಿಯನ್ನೇ ಕಡಿಮೆ ಮಾಡಿಸುತ್ತೇನೆ. ಮಿಕ್ಕ ಹಣ ಪ್ರತಿ ತಿಂಗಳು ತಪ್ಪದೆ ಸಾಲಕ್ಕೆ ಕಟ್ಟುತ್ತೇನೆ ಅನ್ನುವ ನಂಬಿಕೆ ನನಗೆ ನನ್ನ ಮೇಲೆ ಅಷ್ಟಿಲ್ಲ.

ಇನ್ನೊಂದು ಮಾತು ಎಲ್ಲೆಡೆ ಕೇಳಿಬರುತ್ತದೆ: ಅರ್ಧ ಅವಧಿ ಕಳೆದ ಮೇಲೆ ಪ್ರೀಪೇಮೆಂಟ್ ಮಾಡಿ ಸುಮ್ನೆ ದಂಡ, ಬಡ್ಡಿಯೆಲ್ಲ ಆಗಲೇ ಕಟ್ಟಿಯಾಗಿದೆ ಅಂತ. ಇದು ಅರ್ಧ ಸತ್ಯ. 15 ವರ್ಷ ಮುಗಿದಾಗ ನಿಮ್ಮ ಬಾಕಿ ಸುಮಾರು 4.33 ಲಕ್ಷ ಇರುತ್ತದೆ. ಆಗ ಒಂದು ಲಕ್ಷ ಕಟ್ಟಿದರೆ ಉಳಿದ 60 ಕಂತು 44 ಆಗುತ್ತದೆ, ಬಡ್ಡಿಯಲ್ಲಿ ಸುಮಾರು 47,700 ಉಳಿಯುತ್ತದೆ. 3.54 ಲಕ್ಷದ ಪಕ್ಕದಲ್ಲಿ ಇದು ಸಣ್ಣದಾಗಿ ಕಾಣುತ್ತದೆ, ನಿಜ. ಆದರೆ ಅಲ್ಲಿಯೂ ಮುಂದಿನ ಕಂತಿನ ಬಡ್ಡಿ ಇಳಿಯುವುದು ಅದೇ 750. 9% ದರ ಬದಲಾಗಿಲ್ಲ, ಆ ಹಣ ಕೆಲಸ ಮಾಡಲು ಉಳಿದಿರುವ ವರ್ಷಗಳು ಕಡಿಮೆ ಅಷ್ಟೇ. ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು "ತಡವಾಯ್ತಾ" ಅಂತಲ್ಲ. ಈ ಒಂದು ಲಕ್ಷ ಬೇರೆಲ್ಲಾದರೂ, ತೆರಿಗೆ ಕಳೆದು, ಖಚಿತವಾಗಿ 9% ತಂದುಕೊಡುತ್ತದಾ? ತರುವುದಿಲ್ಲ ಅಂದರೆ, ಕಷ್ಟಕಾಲಕ್ಕೆ ಬೇಕಾದಷ್ಟು ಹಣ ಪಕ್ಕಕ್ಕೆ ಇಟ್ಟಿದ್ದರೆ, ಸಾಲಕ್ಕೆ ಕಟ್ಟುವುದು ಒಳ್ಳೆಯದೇ. ಸಾಲಕ್ಕೆ ಕಟ್ಟಿದ ಹಣವನ್ನು ಬೇಕು ಅಂದಾಗ ವಾಪಸ್ ಕೇಳಲು ಸಾಮಾನ್ಯವಾಗಿ ಆಗುವುದಿಲ್ಲ, ಅದು ನೆನಪಿರಲಿ.

ಕಟ್ಟುವ ಮೊದಲು ಸಾಲದ ಕರಾರು ಪತ್ರದಲ್ಲಿ ಪ್ರೀಪೇಮೆಂಟ್ ಶುಲ್ಕ ಇದೆಯಾ ನೋಡಿ. ಒಂದು ಲಕ್ಷಕ್ಕೆ 2% ಶುಲ್ಕ ಅಂದರೆ 2,000. ನಿಮ್ಮ ಮೊದಲ ವರ್ಷದ ಲೆಕ್ಕದ ಮುಂದೆ ಅದು ಏನೂ ಅಲ್ಲ, ಆದರೆ ಸಾಲ ಮುಗಿಯಲು ಮೂರ್ನಾಲ್ಕು ತಿಂಗಳು ಇದ್ದಾಗ ಶುಲ್ಕವೇ ಉಳಿತಾಯವನ್ನು ಪೂರ್ತಿ ನುಂಗಬಹುದು.

ಕಟ್ಟಿದ ಮೇಲೆ ನೋಡಬೇಕಾದ್ದು ಇನ್ನೂ ಮುಖ್ಯ. ನನ್ನ ಸಾಲಕ್ಕೆ ಒಮ್ಮೆ ಹೆಚ್ಚುವರಿ ಹಣ ಕಟ್ಟಿದಾಗ ಮುಂದಿನ ತಿಂಗಳ ಬಡ್ಡಿ ಇಳಿಯಲೇ ಇಲ್ಲ. ವಿಚಾರಿಸಿದರೆ ಅವರು ಅದನ್ನು ಅಸಲಿಗೆ ಹಾಕದೆ, ಮುಂದಿನ ಕಂತುಗಳಿಗೆ ಮುಂಗಡ ಅಂತ ಇಟ್ಟುಕೊಂಡಿದ್ದರು. ಹಾಗೆ ಇಟ್ಟರೆ ಬಾಕಿ ಕೂಡಲೇ ಇಳಿಯಲ್ಲ, ಬಾಕಿ ಇಳಿಯದಿದ್ದರೆ ಬಡ್ಡಿ ಎಲ್ಲಿಂದ ಇಳಿಯಬೇಕು? ಬರವಣಿಗೆಯಲ್ಲಿ ಕೇಳಿದ ಮೇಲೆ ಕಟ್ಟಿದ ದಿನದಿಂದಲೇ ಅಸಲಿಗೆ ಜಮಾ ಮಾಡಿದರು. ಹಾಗಾಗಿ ಹಣ ಕಟ್ಟುವಾಗಲೇ "ಇದು ಅಸಲಿಗೆ, ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದು ಕೊಡಿ, ಆಮೇಲೆ ಹೊಸ ಷೆಡ್ಯೂಲ್ ಕೇಳಿ ತೆಗೆದುಕೊಳ್ಳಿ. ಒಂದು ಲಕ್ಷ ಕಟ್ಟಿದ್ದರೆ ಮುಂದಿನ ಪೂರ್ತಿ ತಿಂಗಳ ಬಡ್ಡಿ ಹಳೇ ಪಟ್ಟಿಗಿಂತ 750 ಕಡಿಮೆ ಇರಬೇಕು. ತಿಂಗಳ ಮಧ್ಯೆ ಕಟ್ಟಿದ್ದರೆ, ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವವರಾದರೆ, ಆ ಒಂದು ತಿಂಗಳು ಮಾತ್ರ ಸಂಖ್ಯೆ ಬೇರೆ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಬಾಕಿಯ ಮೇಲೆ ಬಡ್ಡಿ ಹಾಕುವ ಸಾಲಕ್ಕೆ, ನಿಮ್ಮದು ಅದೇ. ಬೇರೆ ಯಾವುದಾದರೂ ಸಾಲದ ಪಟ್ಟಿಯಲ್ಲಿ ಬಡ್ಡಿ ಕಾಲಂ ಮೊದಲಿಂದ ಕೊನೆವರೆಗೂ ಒಂದೇ ಸಂಖ್ಯೆ ತೋರಿಸುತ್ತಿದ್ದರೆ ಅದು ಫ್ಲಾಟ್ ದರದ್ದು, ಅಂದರೆ ಬಾಕಿ ಇಳಿದರೂ ಮೊದಲು ತೆಗೆದುಕೊಂಡ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವುದು, ಅಲ್ಲಿ ಈ ಲೆಕ್ಕ ನಡೆಯಲ್ಲ. ಇನ್ನು ನಿಮ್ಮದು ಬದಲಾಗುವ ದರದ ಸಾಲವಾಗಿದ್ದರೆ ಈ 240 ಸಾಲುಗಳು ಇವತ್ತಿನ 9%ಗೆ ಮಾತ್ರ ಸರಿ. ದರ ಏರಿದಾಗ ಇಎಂಐ ಹಾಗೇ ಬಿಟ್ಟು ಅವಧಿಯನ್ನು ಉದ್ದ ಮಾಡಿದರೆ ನಿಮಗೆ ಗೊತ್ತೇ ಆಗದೆ ಇರಬಹುದು, ಅದಕ್ಕೆ ಪ್ರತಿ ಸಲ ದರ ಬದಲಾದಾಗಲೂ ಉಳಿದ ಕಂತು ಎಷ್ಟು ಅಂತ ಕೇಳಿ ನೋಡಿ.

ನಿಮ್ಮ ಸಂಖ್ಯೆಗಳನ್ನು ನೀವೇ ಬದಲಿಸಿ ನೋಡಬೇಕಾದರೆ ಸ್ಪ್ರೆಡ್‌ಶೀಟ್‌ನ ಯಾವುದಾದರೂ ಖಾಲಿ ಚೌಕದಲ್ಲಿ ಇದನ್ನು ಹಾಕಿ:

```
=NPER(0.09/12, -8997, 881273)
```

ಮೊದಲನೆಯದು ತಿಂಗಳ ದರ, ಎರಡನೆಯದು ಇಎಂಐ, ಆ ಸಂಖ್ಯೆಗೆ ಮೊದಲು ಮೈನಸ್ ಇರಲೇಬೇಕು. ಮೂರನೆಯದು ಪ್ರೀಪೇಮೆಂಟ್ ಕಳೆದ ಮೇಲಿನ ಬಾಕಿ. ಉತ್ತರ 177.5ರ ಹತ್ತಿರ ಬರುತ್ತದೆ, ಅಂದರೆ 177 ಪೂರ್ತಿ ಕಂತು, ಮೇಲೊಂದು ಸಣ್ಣ ಕಂತು. ಬಾಕಿಯ ಜಾಗದಲ್ಲಿ 9,81,273ರಿಂದ ಐವತ್ತು ಸಾವಿರ ಕಳೆದ ಸಂಖ್ಯೆ ಹಾಕಿ, ಎರಡು ಲಕ್ಷ ಕಳೆದದ್ದು ಹಾಕಿ, ಎಷ್ಟು ಕಟ್ಟಿದರೆ ಎಷ್ಟು ತಿಂಗಳು ಇಳಿಯುತ್ತದೆ ಅಂತ ಕೂಡಲೇ ಗೊತ್ತಾಗುತ್ತದೆ. ಎಲ್ಲಾದರೂ ಸಂಖ್ಯೆ ಹೊಂದದಿದ್ದರೆ ಆ ಸಾಲನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.