ನೆಲಮಹಡಿ ಕಾರಿಗೆ, ಅಮ್ಮನಿಗೆ ಎರಡನೇ ಮಹಡಿ

*ಸಂಪಾದಕರಿಗೆ ನಮಸ್ಕಾರ. ನಾವು ಬೆಂಗಳೂರಿನ ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಲಿಫ್ಟ್ ಇಲ್ಲ. ಅಮ್ಮನಿಗೆ 78. ಹೋದ ವರ್ಷ ಬಿದ್ದು ಸೊಂಟದ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಊರಾಚೆ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗೋಣ, ಅಲ್ಲಿ ರ‍್ಯಾಂಪು, ಲಿಫ್ಟು ಎಲ್ಲ ಇದೆ ಅಂತಾನೆ ಅಣ್ಣ. ಈ ಕಡೆ ಬಿಟ್ಟು ಬರೋದಿಲ್ಲ ಅಂತಾರೆ ಅಮ್ಮ. ಇಲ್ಲೇ ಹುಡುಕಿದರೆ ಮೆಟ್ಟಿಲಿಲ್ಲದ ಮನೆ ಒಂದೂ ಸಿಗುತ್ತಿಲ್ಲ. ಏನು ಮಾಡಲಿ?*
*– ಓದುಗಿ, ಬೆಂಗಳೂರು*

ನಿಮ್ಮ ಅಣ್ಣನ ಮಾತಿನಲ್ಲೂ ನ್ಯಾಯವಿದೆ. ಕರೆಂಟ್ ಹೋದರೂ ಓಡುವ ಲಿಫ್ಟು, ಬಾಗಿಲಿನಿಂದ ಕಾರಿನ ತನಕ ಸಮನಾದ ನೆಲ, ರಾತ್ರಿ ಹೊತ್ತು ಕರೆದರೆ ಓಡಿ ಬರುವ ಸೆಕ್ಯುರಿಟಿ. ಇವನ್ನು ಹಗುರವಾಗಿ ನೋಡಬಾರದು. ಅಷ್ಟು ಹೇಳಿ ನಾನು ಅಮ್ಮನ ಪಕ್ಷಕ್ಕೆ ಬಂದುಬಿಡುತ್ತೇನೆ. ನಮ್ಮ ಪತ್ರಿಕೆಯ ಹಳೇ ಓದುಗರಿಗೆ ಇದು ಆಶ್ಚರ್ಯವೇನಲ್ಲ ಬಿಡಿ.

ಮೆಟ್ಟಿಲಿಲ್ಲದ ಮನೆ ನಿಮಗೆ ಯಾಕೆ ಸಿಗುತ್ತಿಲ್ಲ ಗೊತ್ತಾ? ನೆಲದ ಮೇಲಿದ್ದ ಮನೆಗಳನ್ನೆಲ್ಲ ನಾವೇ ಕೆಡವಿದೆವು. 30×40 ಸೈಟಿನಲ್ಲಿ ಮೊದಲು ಒಂದು ಹೆಂಚಿನ ಮನೆಯೋ ತಾರಸಿ ಮನೆಯೋ ಇರುತ್ತಿತ್ತು. ಮುಂದೆ ಜಗಲಿ, ಎರಡು ಮೂರು ಮೆಟ್ಟಿಲು, ಅಷ್ಟೇ. ಅದನ್ನು ಒಡೆದು ಕಟ್ಟುವಾಗ ಕೆಳಗೆ ಕಂಬ ನಿಲ್ಲಿಸಿ ಪಾರ್ಕಿಂಗ್ ಬಿಟ್ಟರು, ಮನುಷ್ಯರನ್ನು ಮೇಲಕ್ಕೆ ಕಳಿಸಿದರು. ರಾಷ್ಟ್ರೀಯ ಕಟ್ಟಡ ಸಂಹಿತೆ ಲಿಫ್ಟನ್ನು ಕೇಳುವುದು ಸಾಮಾನ್ಯವಾಗಿ 15 ಮೀಟರ್ ದಾಟಿದ ಕಟ್ಟಡಕ್ಕೆ. ನಮ್ಮ ಬೀದಿಯ ಮೂರು ಮಹಡಿಯ ಕಟ್ಟಡ ಅಷ್ಟು ಎತ್ತರ ಹೋಗುವುದಿಲ್ಲ, ಹಾಗಾಗಿ ಓನರ್ ತನ್ನಿಷ್ಟ. ಉಳಿದ ಹಳೇ ಮನೆಗಳ ಕೆಳಭಾಗ ಕ್ಲಿನಿಕ್ಕು, ಬ್ಯೂಟಿ ಪಾರ್ಲರು, ಪಿಜಿ ಊಟದ ಹಾಲು ಆಗಿದೆ. ಊರಿನ ನೆಲವನ್ನು ಗಾಡಿಗೆ ಬರೆದುಕೊಟ್ಟಿದ್ದೇವೆ. ಇದು ನನ್ನ ಹಳೇ ಜಗಳ.

ಲಿಫ್ಟ್ ಇದೆ ಅಂದರೂ ನಂಬಬೇಡಿ, ಹೋಗಿ ನೋಡಿ. ಪಾರ್ಕಿಂಗ್ ನೆಲದಿಂದ ಲಿಫ್ಟ್ ಬಾಗಿಲಿಗೆ ಮೂರು ಮೆಟ್ಟಿಲು ಇಟ್ಟಿರುತ್ತಾರೆ, ಮಳೆ ನೀರು ಲಿಫ್ಟ್ ಗುಂಡಿಗೆ ಇಳಿಯಬಾರದು ಅಂತ. ಹಳೇ ಕಟ್ಟಡಕ್ಕೆ ಆಮೇಲೆ ಲಿಫ್ಟ್ ಕೂರಿಸಿದ್ದರೆ ಕೆಲವು ಕಡೆ ಅದು ಮಹಡಿಗೇ ಬರುವುದಿಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ ನಿಲ್ಲುತ್ತದೆ, ಅಲ್ಲಿಂದ ಅರ್ಧ ಮಹಡಿ ನಿಮ್ಮ ಹಣೆಬರಹ.

ಆ ಮೂರು ಮೆಟ್ಟಿಲಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಿಲ್ಡರ್‌ಗಳು ಮೋಸ ಮಾಡುವುದು ಇಲ್ಲೇ. ಒಂದೊಂದು ಮೆಟ್ಟಿಲು ಆರು ಇಂಚು ಅಂದರೆ ಒಟ್ಟು ಒಂದೂವರೆ ಅಡಿ. ಗಾಲಿಕುರ್ಚಿ ಓಡಾಡುವ ರ‍್ಯಾಂಪಿಗೆ ನಮ್ಮ ದೇಶದ ನಿಯಮದ ಇಳಿಜಾರು 1:12. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿಗೆ ಹದಿನೆಂಟು ಅಡಿ. ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಸಮತಟ್ಟು ಜಾಗ ಬೇರೆ. ಈಗ ನೀವು ನೋಡಿರುವ ‘ರ‍್ಯಾಂಪು’ಗಳನ್ನು ನೆನಪಿಸಿಕೊಳ್ಳಿ. ನಾಲ್ಕೈದು ಅಡಿ ಉದ್ದದ ಸಿಮೆಂಟ್ ಇಳಿಜಾರು, ಅಲ್ವಾ? ಅದು ಸ್ಕೂಟರ್ ಹತ್ತಿಸಲು ಮಾಡಿದ್ದು. ಅದರ ಮೇಲೆ ವಾಕರ್ ಹಿಡಿದು ಇಳಿಯುವುದು ಮೆಟ್ಟಿಲಿಗಿಂತ ಅಪಾಯ. ವಾಕರ್ ಮುಂದೆ ಜಾರುತ್ತದೆ, ಮೈಯ ಭಾರ ಅದರ ಹಿಂದೆಯೇ ಹೋಗುತ್ತದೆ.

ಹದಿನೆಂಟು ಅಡಿ ಜಾಗ ಯಾರ ಮನೆ ಮುಂದೆ ಇರುತ್ತದೆ ಅಂತ ನೀವು ಕೇಳಬಹುದು. ನಿಮ್ಮ ಅಮ್ಮ ಗಾಲಿಕುರ್ಚಿಯಲ್ಲಿಲ್ಲ, ವಾಕರ್‌ನಲ್ಲಿದ್ದಾರೆ. ಅದಕ್ಕೆ ಬೇರೆ ಉಪಾಯವಿದೆ. ಆರು ಇಂಚಿನ ಒಂದು ಮೆಟ್ಟಿಲನ್ನು ಮೂರು ಮೂರು ಇಂಚಿನ ಎರಡು ಮೆಟ್ಟಿಲು ಮಾಡಿಸಿ. ಮೆಟ್ಟಿಲಿನ ಅಗಲ ಮಾತ್ರ ಮಾಮೂಲಿನ ಹತ್ತು ಇಂಚು ಸಾಲದು. ವಾಕರ್‌ನ ನಾಲ್ಕೂ ಕಾಲು ಊರಿ, ಹಿಂದೆ ಅಮ್ಮನೂ ನಿಲ್ಲುವಷ್ಟು, ಅಂದರೆ ಮೂರು ಅಡಿ ಹತ್ತಿರ ಇರಬೇಕು. ಎರಡೂ ಕಡೆ ಕಂಬಿ ಹಾಕಿಸಿ. ಒಂದೇ ಕಡೆ ಇದ್ದರೆ ಹತ್ತುವಾಗ ಸರಿಹೋದದ್ದು ಇಳಿಯುವಾಗ ನೋವಿನ ಕಾಲಿನ ಕಡೆ ಬರುತ್ತದೆ. ಎಷ್ಟು ಎತ್ತರ ಅವರಿಂದ ಆಗುತ್ತದೆ ಅಂತ ಮೊದಲು ಫಿಸಿಯೋಥೆರಪಿಯವರ ಎದುರಿಗೆ ನೋಡಿಕೊಳ್ಳಿ. ಒಂದೆರಡು ಮೆಟ್ಟಿಲಿನ ಹಳೇ ಮನೆ ಸಿಕ್ಕರೆ ಇಷ್ಟರಲ್ಲೇ ಕೆಲಸ ಮುಗಿಯಬಹುದು. ಅದಕ್ಕೇ ‘ಮೆಟ್ಟಿಲೇ ಇಲ್ಲದ ಮನೆ’ ಅನ್ನುವ ಹಟ ಬಿಟ್ಟು ‘ಸರಿಮಾಡಬಹುದಾದ ಮನೆ’ ಹುಡುಕಿ ಅನ್ನುತ್ತೇನೆ. ಇಷ್ಟು ಬೈಗುಳ ನಿಮಗೂ ಇರಲಿ.

ಒಳಗೆ ನೋಡಬೇಕಾದದ್ದು ಮುಖ್ಯವಾಗಿ ಬಚ್ಚಲು. ಹಾಲು ಎಷ್ಟು ದೊಡ್ಡದಿದ್ದರೇನು, ಬಚ್ಚಲ ಬಾಗಿಲು ಎರಡೂವರೆ ಅಡಿಯದು ಅಂತ ಹೇಳಿ ಚೌಕಟ್ಟು ಕಳೆದರೆ ಎರಡೂಕಾಲು ಉಳಿದಿರುತ್ತದೆ. ಅಮ್ಮನ ವಾಕರನ್ನೇ ಮನೆ ನೋಡಲು ಹೊತ್ತುಕೊಂಡು ಹೋಗಿ. ಬ್ರೋಕರ್ ನಕ್ಕರೆ ನಗಲಿ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ.

ಈಗ ಗೇಟಿನಾಚೆ ಬನ್ನಿ. ನನಗೆ ನಿಜವಾಗಿ ಮಾತು ಬರುವುದು ಇಲ್ಲಿ.

ನನಗೆ ಬಹಳ ಬೇಕಾದವರೊಬ್ಬರು ಅಪ್ಪನನ್ನು ನಿಮ್ಮ ಅಣ್ಣ ಹೇಳುವಂಥದ್ದೇ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದರು. ಒಳಗೆ ಎಲ್ಲ ಚೆನ್ನ. ಗೇಟು ದಾಟಿದರೆ ಫುಟ್‌ಪಾತೇ ಇಲ್ಲ, ಟಿಪ್ಪರ್ ಓಡುವ ರಸ್ತೆ. ಪೇಪರ್ ಕೊಳ್ಳಲು ದಿನಾ ಅಂಗಡಿಗೆ ಹೋಗುತ್ತಿದ್ದ ಮನುಷ್ಯ ಲಾಬಿಯ ಸೋಫಾದಲ್ಲಿ ಕೂತು ಲಿಫ್ಟ್ ಬಾಗಿಲು ನೋಡುವವರಾದರು. ‘ಸೌಕರ್ಯ ಜಾಸ್ತಿ ಆಯ್ತು, ಕೆಲಸ ಇಲ್ಲ’ ಅಂತ ನನ್ನ ಹತ್ತಿರ ಹೇಳಿದರು. ನಿಮ್ಮ ಅಮ್ಮ ‘ಈ ಕಡೆ’ ಅಂದಾಗ ಹೇಳುತ್ತಿರುವುದು ಬರೀ ಮನೆಯನ್ನಲ್ಲ. ಹೂವಿನವಳು, ಮೆಡಿಕಲ್ ಶಾಪಿನ ಹುಡುಗ, ಗುಡಿ, ಹೆಸರು ಹಿಡಿದು ಕರೆಯುವ ನಾಲ್ಕು ಜನ.

ಹಾಗಂತ ಹಳೇ ಬಡಾವಣೆಯ ಫುಟ್‌ಪಾತ್ ಸ್ವರ್ಗ ಅಂತ ನಾನು ಹೇಳಿದರೆ ನೀವೇ ಹೊಡೆಯುತ್ತೀರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವುದು ಅಡ್ಡಿಯಿಲ್ಲದ 1.8 ಮೀಟರ್ ಅಗಲ, ರಸ್ತೆಯಿಂದ 150 ಮಿಲಿಮೀಟರ್‌ಗಿಂತ, ಅಂದರೆ ಆರು ಇಂಚಿಗಿಂತ, ಹೆಚ್ಚಿಲ್ಲದ ಎತ್ತರ. ನಮ್ಮದು ಚರಂಡಿ ಮೇಲಿನ ಕಲ್ಲು ಚಪ್ಪಡಿ. ಒಂದು ಅಲ್ಲಾಡುತ್ತದೆ, ಇನ್ನೊಂದು ಇಲ್ಲವೇ ಇಲ್ಲ. ಮಧ್ಯೆ ಟ್ರಾನ್ಸ್‌ಫಾರ್ಮರ್. ಇದೆಲ್ಲದಕ್ಕಿಂತ ವಾಕರ್‌ನವರಿಗೆ ಕಷ್ಟ ಕೊಡುವುದು ಯಾರ ಕಣ್ಣಿಗೂ ಬೀಳದ ಇನ್ನೊಂದು. ಪ್ರತಿ ಮನೆಯೂ ತನ್ನ ಕಾರು ಒಳಗೆ ಬರಲಿ ಅಂತ ಫುಟ್‌ಪಾತನ್ನು ಅಡ್ಡಡ್ಡ ಇಳಿಜಾರು ಮಾಡಿಕೊಂಡಿರುತ್ತದೆ. ಅಲ್ಲಿ ವಾಕರ್‌ನ ಎರಡು ಕಾಲು ಮೇಲೆ, ಎರಡು ಕೆಳಗೆ. ಹಾಗಾಗಿ ಅಜ್ಜ ಅಜ್ಜಿಯರು ಫುಟ್‌ಪಾತ್ ಬಿಟ್ಟು ರಸ್ತೆ ಅಂಚಿನಲ್ಲೇ ನಡೆಯುತ್ತಾರೆ, ಜನ ಅವರನ್ನೇ ಬೈಯುತ್ತಾರೆ.

ಮಾಡಲು ಬರುವುದಿಲ್ಲ ಅಂತಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳಿಗೆ ಅಗಲವಾದ, ಸಮನಾದ ಫುಟ್‌ಪಾತ್ ಮಾಡಿದರು, ಕೇಬಲ್ಲು ಪೈಪುಗಳನ್ನು ಕೆಳಗೆ ಕಳಿಸಿದರು. ಒಳ್ಳೇ ಕೆಲಸ. ಆದರೆ ಅದು ಆಫೀಸು, ಹೋಟೆಲುಗಳ ಬೀದಿ. ಅಜ್ಜಿಯರು ಇರುವುದು ಅಡ್ಡರಸ್ತೆಗಳಲ್ಲಿ, ಅಲ್ಲಿಗೆ ಬರುವುದು ಡಾಂಬರು ಮಾತ್ರ. ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ನಮಗೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಚಪ್ಪಡಿ ಹಳೆಯದೇ.

ಬಸ್ಸಿನದೂ ಇದೇ ಕಥೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಾಗಿನಿಂದ ನಿಮ್ಮ ಅಮ್ಮನಿಗೆ ಸಾಮಾನ್ಯ ಬಸ್ಸು ಉಚಿತ. ಹತ್ತಲು ಆಗುವುದಿಲ್ಲ, ಅಷ್ಟೇ. 2006ರಲ್ಲಿ ಬಂದ ವೋಲ್ವೋದ ನೆಲ ಕೆಳಗಿದೆ, ಆದರೆ ಎಸಿ ವಜ್ರಕ್ಕೆ ಶಕ್ತಿ ಇಲ್ಲ. ಟಾಟಾದ ಎಲೆಕ್ಟ್ರಿಕ್ ಬಸ್ಸುಗಳು ಬಂದ ಮೇಲೆ ಎಸಿ ಇಲ್ಲದ, ನೆಲ ಕೆಳಗಿರುವ ಬಸ್ಸೂ ಸಿಗುತ್ತಿದೆ. ಆದರೆ ಒಂದು ಲೆಕ್ಕ ನೋಡಿ. ಇಂಥ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿಲಿಮೀಟರ್, ಹದಿನಾರು ಇಂಚು. ಬಸ್ಸು ಆರು ಇಂಚಿನ ಫುಟ್‌ಪಾತಿಗೆ ತಾಗಿ ನಿಂತರೆ ಹತ್ತಬೇಕಾದದ್ದು ಹತ್ತು ಇಂಚು. ಸ್ಟಾಪಿನಲ್ಲಿ ಆಟೋ, ಬೈಕು ನಿಂತಿರುವುದರಿಂದ ಡ್ರೈವರ್ ನಡುರಸ್ತೆಯಲ್ಲಿ ನಿಲ್ಲಿಸುತ್ತಾನೆ. ಆಗ ಮೊದಲು ಫುಟ್‌ಪಾತ್ ಇಳಿಯಬೇಕು, ಆಮೇಲೆ ಪೂರ್ತಿ ಹದಿನಾರು ಇಂಚು ಹತ್ತಬೇಕು. ಕೋಟಿಗಟ್ಟಲೆ ದುಡ್ಡು ಕೊಟ್ಟು ತಂದ ಬಸ್ಸಿನ ಉಪಯೋಗವನ್ನು ನೋ ಪಾರ್ಕಿಂಗ್‌ನಲ್ಲಿ ನಿಂತ ಒಂದು ಆಟೋ ತಿಂದುಹಾಕುತ್ತದೆ.

ಇದ್ದುದರಲ್ಲಿ ಮೆಟ್ರೋ ವಾಸಿ. ಪ್ಲಾಟ್‌ಫಾರ್ಮಿಗೂ ರೈಲಿನ ನೆಲಕ್ಕೂ ವ್ಯತ್ಯಾಸ ಕಡಿಮೆ, ಅಗಲದ ಗೇಟಿದೆ, ಲಿಫ್ಟಿದೆ. ಎಲ್ಲ ಬಾಗಿಲಿನಲ್ಲೂ ಲಿಫ್ಟ್ ಇರುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಲಿಫ್ಟು ರಸ್ತೆಯ ಆ ಬದಿಗಿದ್ದು ನಿಮ್ಮ ಮನೆ ಈ ಬದಿಗಿದ್ದರೆ ದಾಟಬೇಕಾದದ್ದು ಮತ್ತೆ ಅದೇ ರಸ್ತೆ. ನಿಮಗೆ ಹತ್ತಿರದ್ದು ಹಸಿರು ಮಾರ್ಗ: ನ್ಯಾಷನಲ್ ಕಾಲೇಜು, ಸೌತ್ ಎಂಡ್ ಸರ್ಕಲ್, ಜಯನಗರ. ಹನುಮಂತನಗರ ಏರು ತಗ್ಗಿನ ಜಾಗ. ಮನೆ ಬದಲಾಯಿಸಲೇಬೇಕಾದರೆ ಕೆಳಗೆ ಬಸವನಗುಡಿ, ಜಯನಗರದ ಸಮತಟ್ಟು ಅಡ್ಡರಸ್ತೆಗಳ ಕಡೆ, ಸ್ಟೇಷನ್ನಿನ ಲಿಫ್ಟ್ ಇರುವ ಬದಿಗೆ ಹುಡುಕಿ. ಬಾಡಿಗೆ ಜಾಸ್ತಿಯೇ, ಗೊತ್ತು. ಊರಾಚೆಯ ಫ್ಲ್ಯಾಟಿನ ಇಎಂಐ, ಮೇಂಟೆನೆನ್ಸು, ಪ್ರತಿ ಆಸ್ಪತ್ರೆ ಭೇಟಿಯ ಕ್ಯಾಬು ಇವನ್ನೂ ಅಣ್ಣನಿಗೆ ಪಕ್ಕದಲ್ಲಿ ಬರೆದು ತೋರಿಸಿ.

ಕಾನೂನು ಇಲ್ಲವಾ ಅಂದರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸೌಲಭ್ಯದ ನಿಯಮ ಪಾಲಿಸದ ಕಟ್ಟಡಕ್ಕೆ ಪೂರ್ಣತಾ ಪತ್ರವನ್ನೇ ಕೊಡಬಾರದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಇದಕ್ಕೆ ಮಾಡಿದ ನಿಯಮ ಬರೀ ಸಲಹೆಯಂತಿದೆ, ಕಡ್ಡಾಯದ ನಿಯಮ ಮಾಡಿ ಅಂತ ಸರ್ಕಾರಕ್ಕೆ ಹೇಳಬೇಕಾಯಿತು. ಎಂಟು ವರ್ಷ ನಾವು ಸಲಹೆ ಓದಿಕೊಂಡು ಕೂತಿದ್ದೆವು. ಮೇಲ್ಸೇತುವೆಗೆ ಮಾತ್ರ ಯಾರೂ ಸಲಹೆ ಕೊಡುವುದಿಲ್ಲ ನೋಡಿ, ಅದು ನೇರ ಟೆಂಡರಿಗೇ ಹೋಗುತ್ತದೆ.

ಈಗ ಮಾಡಬೇಕಾದ್ದು. ಆನ್‌ಲೈನಿನಲ್ಲಿ ‘ಗ್ರೌಂಡ್ ಫ್ಲೋರ್’ ಹುಡುಕುವುದು ಸಾಕು, ಬೀದಿ ಸುತ್ತಿ. ಕೆಳಗಿನ ಮನೆಯಲ್ಲಿ ಓನರ್ ಇದ್ದು ಮೇಲಿನದು ಬಾಡಿಗೆಗಿದ್ದರೂ ಒಳಗೆ ಹೋಗಿ ಮಾತಾಡಿ. ಮಕ್ಕಳು ಹೊರದೇಶದಲ್ಲಿರುವ, ಕೆಳಗಿನ ಅರ್ಧ ಮನೆಗೆ ಬೀಗ ಹಾಕಿಟ್ಟಿರುವ ಹಿರಿಯರು ಆ ಕಡೆ ಬೇಕಾದಷ್ಟಿದ್ದಾರೆ. ಬೋರ್ಡ್ ಹಾಕುವುದಿಲ್ಲ, ಗುರುತಿನವರ ಮೂಲಕ ಕೇಳಿದರೆ ಕೊಡುತ್ತಾರೆ. ಒಪ್ಪಿಗೆಯಾದರೆ ಅಡ್ವಾನ್ಸ್ ಕೊಡುವ ಮುಂಚೆ ಅಗ್ರಿಮೆಂಟಿನಲ್ಲಿ ಮೂರು ವಿಷಯ ಬರೆಸಿ: ಮುಂದಿನ ಮೆಟ್ಟಿಲಿಗೂ ಬಚ್ಚಲಿಗೂ ಕಂಬಿ ಹಾಕಿಸಬಹುದು, ಬಚ್ಚಲ ಬಾಗಿಲು ಹೊರಗೆ ತಿರುಗಿಸಬಹುದು, ಬಿಟ್ಟುಹೋಗುವಾಗ ಅದಕ್ಕೆ ಅಡ್ವಾನ್ಸ್ ಮುರಿದುಕೊಳ್ಳುವಂತಿಲ್ಲ. ಮೂರನೆಯದಕ್ಕೆ ಓನರ್ ತಕರಾರು ಮಾಡುತ್ತಾರೆ. ಅವರ ವಯಸ್ಸು ಕೇಳಿ, ಕಂಬಿ ನಿಮಗೂ ಬೇಕಾಗುತ್ತದೆ ಸಾರ್ ಅನ್ನಿ.