ಅಳಿವಿನ ಸಾಧ್ಯತೆಯನ್ನು ಒಂದೇ ಅಂಕಿಯಲ್ಲಿ ಹೇಳಬಹುದಾ?

> 12 ವರ್ಷದ ಎಣಿಕೆ ಇದೆ, ಈಗ 80 ಪ್ರಾಣಿಗಳಿವೆ. 50 ವರ್ಷದೊಳಗೆ 10ಕ್ಕಿಂತ ಕೆಳಗಿಳಿಯುವ ಸಾಧ್ಯತೆ 20% ಅಂತ ಸಿಮ್ಯುಲೇಶನ್ ಹೇಳ್ತಿದೆ. ವರದಿಯಲ್ಲಿ ಹಾಗೇ ಬರೆಯಲಾ?

ಬೇಡ. ಆ 20% ನಿಮ್ಮ ಸರಾಸರಿ ಬೆಳವಣಿಗೆ ದರ ನೂರಕ್ಕೆ ನೂರು ಸರಿ ಅಂದುಕೊಂಡು ಬಂದದ್ದು. ಅದು ಅಷ್ಟು ಗಟ್ಟಿ ಇಲ್ಲ.

ಲಾಗ್ ಲೆಕ್ಕದಲ್ಲಿ ಸರಾಸರಿ -0.02, ವರ್ಷದಿಂದ ವರ್ಷಕ್ಕೆ ಏರಿಳಿತ 0.15 ಅಂತಿಟ್ಟುಕೊಳ್ಳಿ. 12 ಎಣಿಕೆಯಿಂದ ಸಿಗುವುದು 11 ಬದಲಾವಣೆ ಮಾತ್ರ. 0.15 ಅನ್ನು 11ರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ದೋಷ ಸುಮಾರು 0.045. 95% ಭರವಸೆಗೆ ಎರಡೂ ಕಡೆ ಅದರ ಸುಮಾರು 2.2 ಪಟ್ಟು ಹಿಡಿದರೆ, ನಿಜವಾದ ದರ -0.12ರಿಂದ +0.08ರವರೆಗೆ ಎಲ್ಲಿ ಬೇಕಾದರೂ ಇರಬಹುದು. -0.12 ಆದರೆ 10ಕ್ಕಿಂತ ಕೆಳಗಿಳಿಯುವುದು ಹೆಚ್ಚುಕಡಿಮೆ ಖಚಿತ, +0.08 ಆದರೆ ಸಾಧ್ಯತೆ ಸೊನ್ನೆಗೆ ಹತ್ತಿರ! ಸಿಮ್ಯುಲೇಶನ್ ಅನ್ನು ಲಕ್ಷ ಸಲ ಓಡಿಸಿದರೂ ಇದು ಕಿರಿದಾಗುವುದಿಲ್ಲ, ಕೊರತೆ ಇರುವುದು ಎಣಿಕೆಯ ವರ್ಷಗಳಲ್ಲಿ ಅಲ್ವಾ.

ಹಾಗಾಗಿ ಆ ವ್ಯಾಪ್ತಿಯಿಂದ ಸಾವಿರ ದರಗಳನ್ನು ಆರಿಸಿ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಸಾಧ್ಯತೆ ಲೆಕ್ಕ ಹಾಕಿ, ಅವು ಹೇಗೆ ಹರಡಿವೆ ಅನ್ನುವುದನ್ನೇ ಚಿತ್ರವಾಗಿ ಕೊಡಿ. 50ರ ಜೊತೆ 10 ವರ್ಷದ ಲೆಕ್ಕವನ್ನೂ ಹಾಕಿ, ಅದರಲ್ಲಿ ಹರವು ಕಡಿಮೆ ಇರುತ್ತದೆ. ಎಣಿಕೆಯಲ್ಲೇ ತಪ್ಪಿದ್ದರೆ ಏರಿಳಿತ ಜಾಸ್ತಿ ಕಾಣುತ್ತದೆ, ಅದನ್ನೂ ವರದಿಯಲ್ಲಿ ಬರೆಯಿರಿ.