ಮಗ ಹೇಳುವ 'ಹಿಟ್ಸ್ ಡಿಫರೆಂಟ್' ಬಗ್ಗೆ, ಬದಿಯಡ್ಕದಿಂದ ಒಂದು ಉತ್ತರ

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸ್. ಹೇಗಿದ್ದೀಯ ಅಂತ ಕೇಳಿದ್ರೆ ಹಿಟ್ಸ್ ಡಿಫರೆಂಟ್, ವೈಬ್ ಚೆಕ್, ಬಿಗ್ ಮೂಡ್ ಇಷ್ಟೇ ಉತ್ತರ. ಏನೂ ವಿವರಿಸದ ಈ ಮಾತುಗಳನ್ನು ಬಿಡಿಸಿ, ಮನಸ್ಸಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವ ಹಾಗೆ ಮಾಡುವುದು ಹೇಗೆ?

ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲೇ ಬೆಳೆದವಳು. ಹನ್ನೆರಡರವರೆಗೆ ಕನ್ನಡ ಮಾಧ್ಯಮ. ಆಮೇಲೆ ಕೋಝಿಕ್ಕೋಡಿನ ಒಂದು ಕಾಲೇಜಿಗೆ ಸೇರಿದಳು, ಹಾಸ್ಟೆಲ್ ವಾಸ. ಅಲ್ಲಿ ಸುತ್ತ ಎಲ್ಲ ಮಲಯಾಳ. ಇವಳಿಗೆ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಬರ್ತಿತ್ತು, ತಮಾಷೆ ಮಾಡಿ ನಗುವಷ್ಟು ಬರ್ತಿರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ಸ್ಟೇಟಸ್ ಹಾಕಿದಳು. ಕಿಟಕಿಯ ದಂಡೆ ಮೇಲೆ ಸ್ಟೀಲ್ ಲೋಟ, ಅದರಲ್ಲಿ ಚಾ, ಹಿಂದೆ ಕತ್ತಲೆ. ಕೆಳಗೆ ಬರೆದದ್ದು: 'ರಾತ್ರಿ ಮೂರು ಗಂಟೆಯ ಚಾ ಹಿಟ್ಸ್ ಡಿಫರೆಂಟ್.' ನಾನು ಕೂಡಲೇ ಉತ್ತರ ಹಾಕಿದೆ: 'ಭಾರೀ ಖುಷಿಯಲ್ಲಿ ಇದ್ದೀಯಲ್ಲ ಮಗಾ, ಮನೆಯ ಚಾ ಮರೆತೇ ಹೋಯ್ತಾ?' ಅವಳು ಒಂದು ನಗುವ ಮುಖ ಕಳಿಸಿದಳು. ಅಷ್ಟೇ.

ನನ್ನ ತಪ್ಪು ಅಲ್ಲಿಯೇ ಆದದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ನಾನು ಆ ಮಾತನ್ನು ನಮ್ಮ ಹುಡುಗರ 'ಬೇರೆ ಲೆವೆಲ್' ಅಂತ ಓದಿಕೊಂಡೆ. ಬೇರೆ ಲೆವೆಲ್ ಅಂದ್ರೆ ಹೊಗಳಿಕೆ. ಹಿಟ್ಸ್ ಡಿಫರೆಂಟ್ ಕೂಡ ಹೆಚ್ಚಾಗಿ ಹೊಗಳಿಕೆಗೇ ಬರ್ತದೆ, ಅದು ನಿಜ. ಆದರೆ ಆ ಎರಡು ಶಬ್ದ ತಾವಾಗಿ ಒಳ್ಳೆಯದು ಅಂತಲೂ ಹೇಳುವುದಿಲ್ಲ, ಕೆಟ್ಟದು ಅಂತಲೂ ಹೇಳುವುದಿಲ್ಲ. ಯಾವತ್ತಿನ ಹಾಗೆ ಅಲ್ಲ, ಜೋರಾಗಿ ತಾಗಿತು ಅಂತ ಮಾತ್ರ ಹೇಳ್ತವೆ. ಅದೊಂದು ಅರ್ಧ ಹೋಲಿಕೆ. ಯಾವುದಕ್ಕಿಂತ ಬೇರೆ, ಯಾಕೆ ಬೇರೆ ಎಂಬುದು ಪಕ್ಕದಲ್ಲಿರುವ ಹೊತ್ತು, ಜಾಗ, ಜನರಲ್ಲಿ ಇರ್ತದೆ. ಅವಳು ಅದನ್ನೂ ಬರೆದಿದ್ದಳು: ರಾತ್ರಿ ಮೂರು ಗಂಟೆ. ನಾನು ಚಾ ನೋಡಿದೆ, ಡಿಫರೆಂಟ್ ನೋಡಿದೆ, ಮೂರು ಗಂಟೆಯನ್ನು ದಾಟಿ ಹೋದೆ. ಮಗು ನಿದ್ದೆ ಮಾಡ್ತಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಅದಕ್ಕಿಂತ ಜಾಸ್ತಿ, ನಾನು ಖುಷಿಯ ಉತ್ತರ ಕೊಟ್ಟ ಮೇಲೆ ಅವಳಿಗೆ ಬೇಜಾರು ಹೇಳಲು ದಾರಿ ಇರಲಿಲ್ಲ.

ಒಂದು ವಾರದಲ್ಲಿ ಅವಳ ಫ್ರೆಂಡ್ ಒಬ್ಬಳು ಒಂದು ನಾಯಿಯ ಫೋಟೋ ಹಾಕಿದಳು. ಮಂಚದ ಅಡಿಗೆ ತಲೆ ತೂರಿಸಿ ಮಲಗಿದ ನಾಯಿ. ಇವಳು ಅದಕ್ಕೆ 'ಬಿಗ್ ಮೂಡ್' ಅಂತ ಬರೆದಳು. ಅದನ್ನು ನೋಡಿ ನಾನು ನಕ್ಕೆ. ಮೂಡ್ ಎಂಬ ಮಾತಿಗೆ ಸ್ವಂತ ಅರ್ಥ ತುಂಬ ಕಡಿಮೆ. ಅದು ಬೆರಳು ತೋರಿಸ್ತದೆ: ನಾನೂ ಹೀಗೇ ಇದ್ದೇನೆ ಅಂತ. ಹಾಗಾಗಿ ಓದಬೇಕಾದ್ದು ಶಬ್ದವನ್ನಲ್ಲ, ನಾಯಿಯನ್ನು. ಓಣಂ ರಜೆಗೆ ಬಂದವಳು ತಿರುಗಿ ಹೋಗಲಿಲ್ಲ. ಕಟ್ಟಿದ ಫೀಸು ಹೋಯಿತು, ಒಂದು ವರ್ಷವೂ ಹೋಯಿತು.

ಆದ್ದರಿಂದ ನನ್ನ ಅಭಿಪ್ರಾಯ: ಆ ಮಾತುಗಳ ಅಭ್ಯಾಸ ಬಿಡಿಸಲು ಹೋಗಬೇಡಿ. ಕನ್ನಡದಲ್ಲಿ ಹೇಳಿಸಿದರೆ ವಿವರ ಬರ್ತದೆ ಎಂಬುದೇ ತಪ್ಪು. ನಮ್ಮ ಕಡೆ 'ಒಂದು ನಮೂನೆ ಆಗ್ತದೆ' ಅಂತೇವೆ, ಅದರಲ್ಲಿ ಏನು ವಿವರ ಉಂಟು? ಬೇಜಾರು ಅನ್ನುವ ಒಂದೇ ಶಬ್ದದಲ್ಲಿ ದುಃಖ, ಸೋಮಾರಿತನ, ಸಿಟ್ಟು ಎಲ್ಲ ತುಂಬಿಸ್ತೇವೆ. ಪಕ್ಕದ ಮಲಯಾಳದವರು 'ಎಂತೋ ಪೋಲೆ' ಅಂತಾರೆ, ಏನೋ ಒಂದು ಹಾಗೆ ಅಂತ. ಯಾವ ಭಾಷೆಯಲ್ಲೂ ಜನ ಮೊದಲು ಹೀಗೇ ಬಾಗಿಲು ಸ್ವಲ್ಪ ತೆರೆದು ನೋಡ್ತಾರೆ.

'ಹಾಗಂದ್ರೆ ಏನು?' ಅಂತಲೂ ಕೇಳಬೇಡಿ. 'ಅದೇ, ಹಿಟ್ಸ್ ಡಿಫರೆಂಟ್' ಅಂತ ಉತ್ತರ ಬರ್ತದೆ. ಪಕ್ಕದ್ದನ್ನು ಕೇಳಿ. ಎಷ್ಟು ಗಂಟೆಗೆ? ಯಾರ ಜೊತೆ ಇದ್ದೆ? ಮೊದಲು ಹೇಗಿತ್ತು? ಹತ್ತರಲ್ಲಿ ಒಂಬತ್ತು ಸಲ ಚಾ ಸುಮ್ನೆ ರುಚಿಯಾಗಿಯೇ ಇರ್ತದೆ, ಹೆದರಬೇಡಿ. ಆದರೆ ನಡುರಾತ್ರಿ, ಒಬ್ಬನೇ, ಮುದುಡಿ ಮಲಗಿದ ಚಿತ್ರ ಇಂಥವು ಮತ್ತೆ ಮತ್ತೆ ಬಂದರೆ ಮೆಸೇಜ್ ಹಾಕುತ್ತಾ ಕೂರಬೇಡಿ, ಹತ್ತಿರ ಹೋಗಿ ಕೂತುಕೊಳ್ಳಿ.

ವೈಬ್ ಚೆಕ್ ಬೇರೆ ಜಾತಿಯದ್ದು. ಅದು ಪಾಸ್ ಅಥವಾ ಫೇಲ್ ಅಂತ ತೀರ್ಪು ಕೊಡುವ ಮಾತು, ಹೆಚ್ಚಾಗಿ ತಮಾಷೆಗೆ. ಮಗ ಯಾರನ್ನೋ 'ವೈಬ್ ಚೆಕ್ ಫೇಲ್' ಅಂದರೆ, ಆ ಮನುಷ್ಯ ಏನು ಮಾಡಿದ ಅಂತ ಕೇಳಿ. ಅಲ್ಲಿ ಒಂದು ಘಟನೆ ಇರ್ತದೆ.

ಅವಳು ಈಗ ಕಾಸರಗೋಡಿನಲ್ಲೇ ಓದ್ತಿದ್ದಾಳೆ. ಕಳೆದ ತಿಂಗಳು ನಮ್ಮ ಅಂಗಳದ ಫೋಟೋ ತೆಗೆದು 'ಈ ಮಳೆ ಹಿಟ್ಸ್ ಡಿಫರೆಂಟ್' ಅಂತ ಹಾಕಿದಳು. ನಾನು ಅಡುಗೆಕೋಣೆಯಿಂದಲೇ ಕೇಳಿದೆ, ಎಲ್ಲಿಯ ಮಳೆಗಿಂತ ಮಗಾ?

'ಹಾಸ್ಟೆಲಿನ ಮಳೆಗಿಂತ ಚಿಕ್ಕಮ್ಮ. ಅಲ್ಲಿ ರಾತ್ರಿಯಿಡೀ ಶೀಟಿನ ಮೇಲೆ ಬೀಳ್ತಿತ್ತು. ನಾನು ಎಣಿಸ್ತಾ ಕೂರ್ತಿದ್ದೆ.'